ಬರೀ ನಿಂಬೆ ನೀರು ಮೇಡಂ

ಹಾಸನದ ಒಂದು ಲ್ಯಾಬ್‌ನಲ್ಲಿ ರಕ್ತ ತೆಗೆಯುವುದು ನನ್ನ ಕೆಲಸ. ಬೆಳಿಗ್ಗೆ ಆರೂವರೆಗೆ ಬಾಗಿಲು ತೆಗೆಯುವಷ್ಟರಲ್ಲಿ ಫಾಸ್ಟಿಂಗ್ ಶುಗರ್‌ಗೆ ಬಂದವರು ಮೆಟ್ಟಿಲ ಮೇಲೆ ಕೂತಿರುತ್ತಾರೆ. "ಏನೂ ತಿಂದಿಲ್ಲ ಅಲ್ವಾ?" ಅಂತ ಕೇಳುತ್ತೇನೆ. "ಏನೂ ಇಲ್ಲ ಮೇಡಂ, ಬರೀ ನಿಂಬೆ ನೀರು" ಅನ್ನುತ್ತಾರೆ. ಇನ್ನೂ ಸ್ವಲ್ಪ ಕೆದಕಿದರೆ ಜೇನುತುಪ್ಪ ಹೊರಗೆ ಬರುತ್ತದೆ.

ಅವರನ್ನು ಆಡಿಕೊಳ್ಳುವ ಹಾಗಿಲ್ಲ. ಬೆಳಿಗ್ಗೆ ನಿಂಬೆ ನೀರು ಕುಡಿದರೆ ಕೊಬ್ಬು ಕರಗುತ್ತದೆ ಅನ್ನುವ ಮಾತು ನಂಬಿ ನಾನೂ ನಾಲ್ಕು ತಿಂಗಳು ಅದನ್ನೇ ಕುಡಿದವಳು. ಒಂದು ಲೋಟ ಉಗುರು ಬೆಚ್ಚಗಿನ ನೀರು, ಅರ್ಧ ನಿಂಬೆಹಣ್ಣು, ಒಂದು ಟೀ ಚಮಚ ಜೇನು. ಶುರು ಮಾಡಿದಾಗ 68 ಕೆಜಿ ಇದ್ದೆ, ನಾಲ್ಕು ತಿಂಗಳಿಗೆ 65.5 ಆದೆ. ಓಣಿಯವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಆಮೇಲೆ ಒಂದು ದಿನ ಅಡುಗೆಮನೆ ಡಬ್ಬಿಯಲ್ಲಿ ಬಿಸ್ಕತ್ತು ಹಾಗೇ ಉಳಿದಿರುವುದು ಕಣ್ಣಿಗೆ ಬಿತ್ತು. ಮೊದಲು ಎದ್ದ ತಕ್ಷಣ ಎರಡು ಚಮಚ ಸಕ್ಕರೆ ಹಾಕಿದ ಕಾಫಿ, ಜೊತೆಗೆ ನಾಲ್ಕು ಬಿಸ್ಕತ್ತು ಆಗುತ್ತಿತ್ತು. ಹೆಚ್ಚುಕಮ್ಮಿ 200 ಕ್ಯಾಲರಿ. ನಿಂಬೆ ನೀರು ಕುಡಿದ ಮೇಲೆ ಒಂದು ಗಂಟೆ ಏನೂ ತಗೋಬಾರದು ಅಂತ ಯಾರೋ ಹೇಳಿದ್ದರು, ಅಷ್ಟೊತ್ತಿಗೆ ತಿಂಡಿ ಹೊತ್ತೇ ಆಗಿಬಿಡುತ್ತಿತ್ತು. ಜೇನಿನ 20 ಕ್ಯಾಲರಿ ಕಳೆದರೂ ದಿನಕ್ಕೆ 180 ಉಳಿತಾಯ. ಅನುಮಾನ ಬಂತಲ್ಲ, ಪರೀಕ್ಷೆ ಮಾಡಿಯೇ ಬಿಡೋಣ ಅಂತ ನಿಂಬೆ ನೀರನ್ನು ಬಿಡದೆ ಕಾಫಿ, ಬಿಸ್ಕತ್ತು ಎರಡನ್ನೂ ವಾಪಸ್ ತಂದೆ. ಎರಡು ತಿಂಗಳಲ್ಲಿ ಒಂದೂವರೆ ಕೆಜಿ ಮತ್ತೆ ಏರಿತು. ಆಮೇಲೆ ಬಿಸ್ಕತ್ತು ಬಿಟ್ಟು, ಕಾಫಿಗೆ ಸಕ್ಕರೆ ಬಿಟ್ಟು, ನಿಂಬೆಯನ್ನೂ ಬಿಟ್ಟು ಬರೀ ಬಿಸಿನೀರು ಕುಡಿದೆ. ತೂಕ ನಿಧಾನವಾಗಿ ಇಳಿಯಿತು. ನನ್ನೊಬ್ಬಳ ಲೆಕ್ಕ ಇದು, ಊರಿಗೆಲ್ಲ ಪುರಾವೆ ಅಲ್ಲ. ಆದರೆ ಕೊಬ್ಬು ಕರಗಿಸಿದ್ದು ನಿಂಬೆ ಅಂತ ಹೇಳೋಕೆ ನನಗೆ ಆಮೇಲೆ ಬಾಯಿ ಬರಲಿಲ್ಲ.

ನಿಂಬೆ ದೇಹವನ್ನು ಕ್ಷಾರೀಯ ಮಾಡುತ್ತದೆ ಅನ್ನುವ ಮಾತು ಇನ್ನೊಂದಿದೆ. ಇದನ್ನು ನೋಡೋಕೆ ನನಗೆ ಸುಲಭ, ಮೂತ್ರ ಪರೀಕ್ಷೆಯ ಪಟ್ಟಿಗಳು ಕೈಯಲ್ಲೇ ಇರುತ್ತವೆ. ಅದರಲ್ಲಿ ಆಮ್ಲವೋ ಕ್ಷಾರವೋ ಅಂತ ಹೇಳುವ ಪಿಎಚ್ ತೋರಿಸುವ ಒಂದು ಚೌಕ ಇರುತ್ತದೆ. ಅಂಕಿ ಕಮ್ಮಿಯಾದಷ್ಟೂ ಆಮ್ಲ ಜಾಸ್ತಿ, 5ಕ್ಕೆ ಕಿತ್ತಳೆ, ಮೇಲೆ ಹೋದಂತೆ ಹಸಿರು, ಕೊನೆಗೆ ನೀಲಿ. ಮೊದಲು ನಿಂಬೆ ನೀರಿನ ಲೋಟಕ್ಕೇ ಒಂದು ಪಟ್ಟಿ ಅದ್ದಿದೆ. ಕಿತ್ತಳೆಯಿಂದ ಮೇಲೇಳಲೇ ಇಲ್ಲ. ಆಮೇಲೆ ಎರಡು ವಾರ ನನ್ನದೇ ಮೂತ್ರ ನೋಡಿಕೊಂಡೆ, ಒಂದು ವಾರ ನಿಂಬೆ ಕುಡಿದು, ಒಂದು ವಾರ ಕುಡಿಯದೆ. ಎರಡು ವಾರವೂ 6, 6.5ರ ನಡುವೆಯೇ ಓಡಾಡಿತು. ಹೆಚ್ಚು ನಿಂಬೆ ಕುಡಿದಿದ್ದರೆ ಪ್ರಾಯಶಃ ಏರುತ್ತಿತ್ತು. ನಿಂಬೆಯ ಸಿಟ್ರೇಟ್ ಅನ್ನು ದೇಹ ಬೈಕಾರ್ಬನೇಟ್ ಅನ್ನುವ ಕ್ಷಾರ ಮಾಡಿಕೊಳ್ಳುತ್ತದೆ, ಬೇಡದ್ದನ್ನು ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಬದಲಾಗುವುದು ಮೂತ್ರ, ರಕ್ತ ಅಲ್ಲ. ರಕ್ತದ ಪಿಎಚ್ 7.35ರಿಂದ 7.45ರ ಒಳಗೇ ಇರುವ ಹಾಗೆ ಶ್ವಾಸಕೋಶ, ಕಿಡ್ನಿ ನೋಡಿಕೊಳ್ಳುತ್ತವೆ. ಅದು ಒಂದು ಲೋಟ ಪಾನಕಕ್ಕೆ ಅಲ್ಲಾಡುವ ಹಾಗಿದ್ದರೆ ನಾವ್ಯಾರೂ ಉಳಿಯುತ್ತಿರಲಿಲ್ಲ.

ಇದೇ ಸಿಟ್ರೇಟ್‌ಗೆ ನಿಜವಾದ ಒಂದು ಉಪಯೋಗವೂ ಇದೆ ಅನ್ನಿ. ಕಿಡ್ನಿಯಲ್ಲಿ ಕ್ಯಾಲ್ಸಿಯಂ ಕಲ್ಲು ಮತ್ತೆ ಮತ್ತೆ ಆಗುವವರಿಗೆ ಕೆಲವು ವೈದ್ಯರು ನಿಂಬೆ ರಸ ಹೇಳುತ್ತಾರೆ. ಮೂತ್ರದಲ್ಲಿ ಸಿಟ್ರೇಟ್ ಕ್ಯಾಲ್ಸಿಯಂಗೆ ಅಂಟಿಕೊಂಡು ಹರಳು ಕಟ್ಟದ ಹಾಗೆ ತಡೆಯುತ್ತದೆ. ಆದರೆ ಅದಕ್ಕೆ ದಿನಕ್ಕೆ ಸುಮಾರು ಅರ್ಧ ಕಪ್ ರಸ ಬೇಕು, ಜೊತೆಗೆ ಬೇಕಾದಷ್ಟು ನೀರು. ನನ್ನ ಅರ್ಧ ಹಣ್ಣು ಯಾವ ಮೂಲೆಗೆ?

ನನಗೆ ಪೆಟ್ಟು ಬಿದ್ದಿದ್ದು ಹಲ್ಲಿಗೆ. ಮೂರನೇ ತಿಂಗಳು ತಣ್ಣೀರು ಬಾಯಿಗಿಟ್ಟರೆ ಜುಮ್ ಅನ್ನತೊಡಗಿತು. ಹಲ್ಲಿನ ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ "ಬೆಳಿಗ್ಗೆ ಎದ್ದು ಏನು ಕುಡೀತೀರಿ?" ನಾನು ಒಂದೊಂದೇ ಗುಟುಕು ಹೀರುತ್ತಾ ಕಾಲು ಗಂಟೆ ಕುಡಿದು, ಕೂಡಲೇ ಬ್ರಷ್ ಮಾಡುತ್ತಿದ್ದೆ. ಪಿಎಚ್ ಸುಮಾರು 5.5ಕ್ಕಿಂತ ಕೆಳಗೆ ಹೋದರೆ ಹಲ್ಲಿನ ಎನಾಮೆಲ್ ಮೆತ್ತಗಾಗತೊಡಗುತ್ತದೆ. ಆಗಲೇ ಬ್ರಷ್ ಆಡಿಸಿದರೆ ಮೆತ್ತಗಾದದ್ದನ್ನು ಉಜ್ಜಿ ತೆಗೆದ ಹಾಗೆ. ಕುಡಿಯಲೇಬೇಕು ಅಂದರೆ ಬೇಗ ಕುಡಿದು ಮುಗಿಸಿ, ಸಾದಾ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಒಂದು ಗಂಟೆ ಬಿಟ್ಟು ಬ್ರಷ್ ಮಾಡಿ ಅಂದರು. ಎದೆ ಉರಿ ಇರುವವರಿಗೆ ಖಾಲಿ ಹೊಟ್ಟೆಯ ನಿಂಬೆ ಒಗ್ಗದಿರಬಹುದು, ಅದು ಕುಡಿದವರಿಗೇ ಗೊತ್ತಾಗುತ್ತದೆ.

ಜೀರಿಗೆ ನೀರಿನ ಮೇಲೆ ನನಗೆ ಪ್ರೀತಿ ಜಾಸ್ತಿ. ಒಂದು ಟೀ ಚಮಚ ಜೀರಿಗೆ, ಎರಡು ಲೋಟ ನೀರು, ಬಣ್ಣ ತೆಳು ಚಹಾದ ಹಾಗೆ ಬರುವವರೆಗೆ ಐದಾರು ನಿಮಿಷ ಕುದಿ. ಕೇರಳದ ಹೋಟೆಲುಗಳಲ್ಲಿ ಕುಡಿಯೋಕೆ ಜೀರಿಗೆ ನೀರನ್ನೇ ಇಡುತ್ತಾರಲ್ಲ, ಅದೇ. ನೀರು ಕುದ್ದಿರುತ್ತದೆ, ವಾಸನೆ ಚೆನ್ನಾಗಿರುತ್ತದೆ, ಸಕ್ಕರೆ ಇಲ್ಲ. ನನಗೆ ಹೊಟ್ಟೆ ಉಬ್ಬರ ಕಮ್ಮಿ ಅನ್ನಿಸುತ್ತದೆ, ಬೆಚ್ಚಗಿನ ನೀರಿನಿಂದಲೋ ಜೀರಿಗೆಯಿಂದಲೋ ಬೇರೆ ಮಾಡಿ ನೋಡಿಲ್ಲ. ಜೀರಿಗೆಯಿಂದ ತೂಕ ಇಳಿಯುತ್ತದೆ ಅನ್ನುವವರು ಇರಾನಿನ ಒಂದು ಅಧ್ಯಯನ ತೋರಿಸುತ್ತಾರೆ. 2014ರಲ್ಲಿ ಪ್ರಕಟವಾದದ್ದು, 88 ಹೆಂಗಸರ ಮೇಲೆ ಮಾಡಿದ್ದು. ಅದರಲ್ಲಿ ಕೊಟ್ಟಿದ್ದು ಸೋಸಿದ ನೀರನ್ನಲ್ಲ, ದಿನಕ್ಕೆ 3 ಗ್ರಾಂ ಜೀರಿಗೆಯನ್ನು ಮೊಸರಿನ ಜೊತೆ. ಎಲ್ಲರಿಗೂ ಊಟದ ಪಥ್ಯ ಬೇರೆ ಇತ್ತು. ಜೀರಿಗೆ ತಿನ್ನದವರೂ ಇಳಿದರು, ತಿಂದವರು ಸ್ವಲ್ಪ ಜಾಸ್ತಿ ಇಳಿದರು. ಅದನ್ನು ಓದಿ ಸೋಸಿದ ನೀರಿಗೆ ಹೊಟ್ಟೆ ಕರಗಿಸುವ ಪಟ್ಟ ಕಟ್ಟುವುದು ಜಾಸ್ತಿಯಾಯಿತು.

ಇನ್ನು ನಮ್ಮ ಮಾವನ ಕಥೆ. ಹೋದ ವರ್ಷ ಫಾಸ್ಟಿಂಗ್ ಶುಗರ್ 131 ಬಂತು. 126 ಮುಟ್ಟಿದರೆ ಸಕ್ಕರೆ ಕಾಯಿಲೆಯ ಲೆಕ್ಕಕ್ಕೆ ಬರುತ್ತದೆ. ಅವರು ಊಟ ಬಿಟ್ಟು ಮಂಕಾಗಿ ಕೂತರು. ರಕ್ತ ನಾನೇ ತೆಗೆದಿದ್ದೆ, ಹಾಗಾಗಿ ನನಗೆ ಇನ್ನೂ ಸಂಕಟ. ರಾತ್ರಿ ಅತ್ತೆ ಲೋಟ ತೊಳೆಯುತ್ತಾ, "ಇವತ್ತೂ ನಿಂಬೆ ನೀರು ತಪ್ಪಿಸಲಿಲ್ಲ ನೋಡು ನಿಮ್ಮ ಮಾವ" ಅಂದಾಗ ತಲೆಗೆ ಹೊಳೆಯಿತು. ಎಷ್ಟು ಜೇನು ಅಂತ ಕೇಳಿದೆ. ಚಮಚ ತೋರಿಸಿದರು, ಸಾರು ಬಡಿಸೋ ಸೌಟಿಗೆ ತಮ್ಮನ ಹಾಗಿತ್ತು. ಅಳತೆಯ ದೊಡ್ಡ ಚಮಚ ಅಂತಲೇ ಇಟ್ಟುಕೊಂಡರೂ 17 ಗ್ರಾಂ ಸಕ್ಕರೆ, ಲ್ಯಾಬಿಗೆ ಹೊರಡುವ ಮುಕ್ಕಾಲು ಗಂಟೆ ಮುಂಚೆ. ಮೂರು ದಿನ ಬಿಟ್ಟು, ಹತ್ತು ಗಂಟೆ ಬರೀ ನೀರಿನ ಮೇಲೆ ಇರಿಸಿ ಮತ್ತೆ ತೆಗೆದೆ. 108. ಅದೂ ಪೂರ್ತಿ ನಾರ್ಮಲ್ ಅಲ್ಲ, 100ರ ಒಳಗಿರಬೇಕಿತ್ತು. ಡಾಕ್ಟರು ಮಾತ್ರೆ ಬರೆಯಲಿಲ್ಲ, ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನು ಮೂರು ತಿಂಗಳಿಗೆ ಮಾಡಿಸಿ ಅಂದರು, ನಡೆಯೋಕೆ ಹೇಳಿದರು. ಜೇನು ಅವತ್ತಿಗೇ ನಿಂತಿತು. "ಸಕ್ಕರೆ ಅಲ್ಲ, ಜೇನಲ್ವೇನಮ್ಮ" ಅಂತ ಮಾವ ಇವತ್ತಿಗೂ ಗೊಣಗುತ್ತಾರೆ.

ನಿಂಬೆಹಣ್ಣನ್ನು ನಾನು ಬಿಟ್ಟಿಲ್ಲ, ಹೊತ್ತು ಬದಲಿಸಿದ್ದೇನೆ. ನಮ್ಮ ಲ್ಯಾಬಿಗೆ ಬರುವ ಹೆಂಗಸರಲ್ಲಿ ಹಿಮೋಗ್ಲೋಬಿನ್ ಕಮ್ಮಿ ಇರುವವರನ್ನು ದಿನಾ ನೋಡುತ್ತೇನೆ, ನಾನೂ ಆ ಗುಂಪಿನವಳೇ. ಸೊಪ್ಪು, ಕಾಳಿನ ಕಬ್ಬಿಣ ದೇಹಕ್ಕೆ ಸುಲಭವಾಗಿ ಹತ್ತುವುದಿಲ್ಲ. ಅದೇ ತುತ್ತಿನ ಜೊತೆ ವಿಟಮಿನ್ ಸಿ ಸಿಕ್ಕರೆ ಜಾಸ್ತಿ ಹತ್ತುತ್ತದೆ. ಬೆಳಿಗ್ಗೆ ಆರಕ್ಕೆ ಕುಡಿದ ನಿಂಬೆ ಮಧ್ಯಾಹ್ನದ ಹುರುಳಿಕಾಳಿಗೆ ಕೆಲಸಕ್ಕೆ ಬಾರದು. ಅದಕ್ಕೇ ಈಗ ಆ ಅರ್ಧ ಹಣ್ಣು ಹೆಸರುಕಾಳಿನ ಕೋಸಂಬರಿ, ಸೊಪ್ಪಿನ ಪಲ್ಯದ ಮೇಲೆ ಬೀಳುತ್ತದೆ, ಕಬ್ಬಿಣ ಹತ್ತುವುದನ್ನು ಕಮ್ಮಿ ಮಾಡುವ ಕಾಫಿಯನ್ನು ಊಟದ ಬೆನ್ನಿಗೇ ಕುಡಿಯುವುದನ್ನೂ ನಿಲ್ಲಿಸಿದ್ದೇನೆ. ಬೆಳಿಗ್ಗೆಗೆ ಜೀರಿಗೆ ನೀರು, ಇಲ್ಲದಿದ್ದರೆ ಸುಮ್ನೆ ಬಿಸಿನೀರು.

ಲ್ಯಾಬಿನಲ್ಲಿ ಪ್ರಶ್ನೆಯನ್ನೂ ಬದಲಿಸಿದ್ದೇನೆ. "ತಿಂದಿದ್ದೀರಾ" ಅಂತ ಕೇಳುವುದಿಲ್ಲ. "ಎದ್ದ ಮೇಲೆ ಬಾಯಿಗೆ ಏನೇನು ಹೋಯಿತು?" ಅನ್ನುತ್ತೇನೆ. ಮೊನ್ನೆ ಒಬ್ಬ ಅಜ್ಜ ತೋಳು ಮಡಚಿಕೊಂಡು ಕೂತರು. "ಬರೀ ನೀರಮ್ಮ" ಅಂದರು. ನಾನು ಸೂಜಿ ಬಿಚ್ಚುತ್ತಿದ್ದೆ. "ಮೆಂತ್ಯ ನೆನೆಸಿದ್ದು" ಅಂದರು. ನಿಂತೆ. "ಚೂರೇ ಚೂರು ಬೆಲ್ಲ."