ಕಬ್ಬಿಣದ ಮಾತ್ರೆ ನುಂಗುವ ಮುನ್ನ ರಕ್ತದ ವರದಿ ಓದುವುದು ಹೇಗೆ?

ಹಿಮೋಗ್ಲೋಬಿನ್ ಕಡಿಮೆ ಎಂದು ತಿಳಿದರೆ ಸಾಕು, ಔಷಧ ಅಂಗಡಿಯಿಂದ ಕಬ್ಬಿಣದ ಮಾತ್ರೆ ಮನೆಗೆ ಬರುತ್ತದೆ. ಅದು ಚೆನ್ನಾಗಿ ಮೈಗೆ ಹತ್ತಲೆಂದು ಜೊತೆಗೆ ವಿಟಮಿನ್ ಸಿ ಕೂಡ. ಕಬ್ಬಿಣದ ಕೊರತೆಯಿಂದಲೇ ರಕ್ತಹೀನತೆ ಬಂದಿದ್ದರೆ ಇದು ಸರಿಯಾದ ಔಷಧ. ಕಾರಣ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಆನುವಂಶಿಕ ಕಾಯಿಲೆ ಥಲಸ್ಸೀಮಿಯಾ ಆಗಿದ್ದರೆ?

ಮೊದಲು ರಕ್ತಕಣಗಳ ಎಣಿಕೆಯ ವರದಿಯಲ್ಲಿ ಎರಡು ಸಾಲು ಹುಡುಕಿ. ಕೆಂಪುಕಣದ ಸರಾಸರಿ ಗಾತ್ರ ಹೇಳುವ ಎಂಸಿವಿ ಒಂದು, ಕೆಂಪುಕಣಗಳ ಸಂಖ್ಯೆ ಇನ್ನೊಂದು. ಒಬ್ಬ ಮಹಿಳೆಯ ವರದಿ ಹೀಗಿದೆ ಎಂದುಕೊಳ್ಳಿ: ಹಿಮೋಗ್ಲೋಬಿನ್ 10.4, ಎಂಸಿವಿ 64, ಕೆಂಪುಕಣ 56 ಲಕ್ಷ, ಅಂದರೆ 5.6 ಮಿಲಿಯನ್. 64ನ್ನು 5.6ರಿಂದ ಭಾಗಿಸಿದರೆ ಸುಮಾರು 11.4. ಉತ್ತರ 13ಕ್ಕಿಂತ ಕಡಿಮೆ ಬಂದರೆ ಥಲಸ್ಸೀಮಿಯಾದ ಅನುಮಾನ ಪಡಬೇಕು. ಕಬ್ಬಿಣ ಸಾಲದ ದೇಹ ಇಷ್ಟೊಂದು ಕಣಗಳನ್ನು ಮಾಡುವುದು ಅಪರೂಪ. ಇದು ಅನುಮಾನಕ್ಕೆ ದಾರಿ ಮಾತ್ರ, ರೋಗನಿರ್ಣಯವಲ್ಲ.

ಮುಂದಿನದು ಫೆರಿಟಿನ್ ಪರೀಕ್ಷೆ. ದೇಹದ ಕಬ್ಬಿಣದ ದಾಸ್ತಾನು ಎಷ್ಟಿದೆ ಎಂಬುದು ಇದರಿಂದ ತಿಳಿಯುತ್ತದೆ. ಜ್ವರವೋ ಸೋಂಕೋ ಇದ್ದಾಗ ಇದು ಸುಳ್ಳೇ ಏರುತ್ತದೆ. ಗುಣವಾದ ಮೇಲೆ ಮಾಡಿಸಿ. ನಮ್ಮ ಉದಾಹರಣೆಯ ಮಹಿಳೆಗೆ ಫೆರಿಟಿನ್ 90 ಇದ್ದರೆ ಕಬ್ಬಿಣದ ಕೊರತೆಯಿಲ್ಲ. ಆಗ ಹಿಮೋಗ್ಲೋಬಿನ್‌ನ ವಿಧಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಪರೀಕ್ಷೆ ಬೇಕು. ಅದರಲ್ಲಿ ಎ2 ಎಂಬ ವಿಧದ ಪ್ರಮಾಣ ಶೇ 5ರಷ್ಟಿದ್ದರೆ ಆಕೆ ಬೀಟಾ ಥಲಸ್ಸೀಮಿಯಾದ ವಾಹಕಿ. ಕಬ್ಬಿಣದಿಂದ ಆ ಹಿಮೋಗ್ಲೋಬಿನ್ ಏರುವುದಿಲ್ಲ. ವಾಹಕರಲ್ಲೂ ಫೆರಿಟಿನ್ ನಿಜವಾಗಿ ಕುಸಿದಿದ್ದರೆ, ಮುಖ್ಯವಾಗಿ ಗರ್ಭಿಣಿಯರಿಗೆ, ವೈದ್ಯರು ಕಬ್ಬಿಣ ಕೊಡುತ್ತಾರೆ. ಮಗು ಬಯಸುವವರಾದರೆ ಗಂಡನ ರಕ್ತವನ್ನೂ ತಪ್ಪದೆ ಪರೀಕ್ಷಿಸಬೇಕು.

ಥಲಸ್ಸೀಮಿಯಾದ ತೀವ್ರ ರೂಪವಾದ ಮೇಜರ್ ಅಥವಾ ಮಧ್ಯಮ ರೂಪವಾದ ಇಂಟರ್‌ಮೀಡಿಯಾ ಇರುವವರ ಮಾತು ಬೇರೆ. ಹೆಚ್ಚಾದ ಕಬ್ಬಿಣವನ್ನು ಹೊರಹಾಕುವ ವ್ಯವಸ್ಥೆ ನಮ್ಮ ದೇಹದಲ್ಲಿಲ್ಲ. ದಿನಕ್ಕೆ ಒಂದೆರಡು ಮಿಲಿಗ್ರಾಂ ತಾನಾಗಿ ಹೋಗುತ್ತದೆ, ಅಷ್ಟೆ. ಮೇಜರ್ ಇರುವ ಮಗುವಿಗೆ ಏರಿಸುವ ಪ್ರತಿ ಚೀಲ ರಕ್ತದಲ್ಲಿ 200 ಮಿಲಿಗ್ರಾಂನಷ್ಟು ಕಬ್ಬಿಣ ಬರುತ್ತದೆ. ಇಂಟರ್‌ಮೀಡಿಯಾದಲ್ಲಿ ರಕ್ತ ಏರಿಸದಿದ್ದರೂ ಕರುಳು ಊಟದಿಂದಲೇ ಅತಿಯಾಗಿ ಹೀರುತ್ತದೆ. ಹೀಗೆ ಸೇರಿದ ಕಬ್ಬಿಣ ಯಕೃತ್ತು, ಹಾರ್ಮೋನು ಗ್ರಂಥಿಗಳು ಮತ್ತು ಹೃದಯದಲ್ಲಿ ತುಂಬಿಕೊಳ್ಳುತ್ತದೆ. ಇಂಥವರಿಗೆ ಟಾನಿಕ್ ರೂಪದಲ್ಲೂ ಕಬ್ಬಿಣ ಬೇಡ. ದೇಹ ಕಬ್ಬಿಣವನ್ನು ಅತಿಯಾಗಿ ಹೀರಿಕೊಳ್ಳುವ ಆನುವಂಶಿಕ ಕಾಯಿಲೆ ಹಿಮೋಕ್ರೊಮಾಟೋಸಿಸ್ ಇರುವವರಿಗೂ ಇದೇ ಎಚ್ಚರಿಕೆ.

ವಿಟಮಿನ್ ಸಿ ಇಲ್ಲಿ ಎರಡು ಕಡೆಯಿಂದ ಕೆಡುಕು ಮಾಡುತ್ತದೆ. ಕರುಳಿನಲ್ಲಿ ಕಬ್ಬಿಣದ ಹೀರಿಕೆಯನ್ನು ಹೆಚ್ಚಿಸುತ್ತದೆ. ಅಂಗಾಂಗಗಳಲ್ಲಿ ಅಡಗಿದ್ದ ಕಬ್ಬಿಣವನ್ನು ಸಡಿಲಿಸಿ ಹೃದಯದ ಸ್ನಾಯುವಿಗೆ ಹಾನಿ ತರಬಲ್ಲದು. ಒಂದು ಕಿತ್ತಳೆ ಹಣ್ಣಿಗೆ ಹೆದರಬೇಕಿಲ್ಲ. ಶೀತಕ್ಕೆಂದು ಚೀಪುವ 500 ಮಿಲಿಗ್ರಾಂ ಮಾತ್ರೆ ಮಾತ್ರ ಬೇಡ. ಕಬ್ಬಿಣ ತೆಗೆಯುವ ಡೆಸ್ಫೆರಾಕ್ಸಮಿನ್ ಚುಚ್ಚುಮದ್ದಿನ ಜೊತೆ ವೈದ್ಯರೇ ಅಲ್ಪ ಪ್ರಮಾಣದ ವಿಟಮಿನ್ ಸಿ ಬರೆಯುವುದುಂಟು. ಅದನ್ನು ಚುಚ್ಚುಮದ್ದು ನಡೆಯುತ್ತಿರುವ ದಿನಗಳಲ್ಲಷ್ಟೇ, ಅವರು ಹೇಳಿದಷ್ಟೇ ತೆಗೆದುಕೊಳ್ಳಬೇಕು. ಈಗಾಗಲೇ ದೊಡ್ಡ ಮಾತ್ರೆ ತಿನ್ನುತ್ತಿರುವವರಿಗೆ ಎದೆಬಡಿತ ತಪ್ಪುತ್ತಿದ್ದರೆ, ಏದುಸಿರು ಬರುತ್ತಿದ್ದರೆ, ಮಾತ್ರೆಯ ಪಟ್ಟಿಯನ್ನು ಕೈಯಲ್ಲಿ ಹಿಡಿದು ಅಂದೇ ಆಸ್ಪತ್ರೆಗೆ ಹೋಗಬೇಕು.