ತರಬೇತಿಯಲ್ಲಿ ಪರಿಚಯವಾದವರಿಗೆ ಬರೆದ ಒಂದು ಸಂದೇಶ: ನನ್ನ ಅನುಭವ

ಗ್ರಾಮ ಪಂಚಾಯತಿಗಳಲ್ಲಿ ಕೆಲಸ ಮಾಡುವ ನಮ್ಮಂಥ ಪಿಡಿಒಗಳಿಗೆ ಮೈಸೂರಿನ ಅಬ್ದುಲ್ ನಜೀರ್ ಸಾಬ್ ಸಂಸ್ಥೆಯ ತರಬೇತಿ ಹೊಸದೇನಲ್ಲ. ಅಲ್ಲಿ ಪರಿಚಯವಾದವರ ಮೇಲೆ ಮನಸ್ಸಾಗುವುದೂ ಹೊಸದಲ್ಲ. ಹಾಗೆ ಮನಸ್ಸಾದವರಿಗೆ ಊರಿಗೆ ಮರಳಿದ ಮೇಲೆ ಏನು ಬರೆಯಬೇಕು ಎಂಬ ವಿಷಯದಲ್ಲಿ ನಮ್ಮ ತಾಲ್ಲೂಕಿನ ಗೆಳೆಯರಿಗೂ ನನಗೂ ಹಿಂದಿನಿಂದ ಭಿನ್ನಾಭಿಪ್ರಾಯವಿತ್ತು. ಮೊದಲು ದಿನಾ ಶುಭೋದಯದ ಚಿತ್ರ ಕಳಿಸಬೇಕು, ಆಮೇಲೆ ಸುತ್ತೋಲೆಗಳನ್ನು ಹಂಚಿಕೊಳ್ಳುತ್ತ ಸಲಿಗೆ ಬೆಳೆಸಬೇಕು, ವಿಷಯವನ್ನು ನೇರವಾಗಿ ಎತ್ತಿದರೆ ಎದುರಿನವರು ಹೆದರಿ ನಮ್ಮ ಸಂಖ್ಯೆಯನ್ನೇ ಬ್ಲಾಕ್ ಮಾಡುತ್ತಾರೆ ಎಂಬುದು ಅವರ ವಾದ. ಒಂದೇ ಸಂದೇಶದಲ್ಲಿ, ಸ್ನೇಹದ ಧಾಟಿಯಲ್ಲಿ, ಮನಸ್ಸಿನಲ್ಲಿರುವುದನ್ನು ಸ್ಪಷ್ಟವಾಗಿ ಹೇಳಿ ಮುಗಿಸಬಹುದು ಎಂದು ನಾನು ಹೇಳುತ್ತಿದ್ದೆ. ಕಳೆದ ವರ್ಷ ಅದನ್ನೇ ಮಾಡಿದೆ, ಅದು ಕೆಲಸ ಮಾಡಿತು.

ಗೆಳೆಯರ ದಾರಿ ಏಕೆ ಕೈಕೊಡುತ್ತದೆ ಎಂಬುದನ್ನು ಹತ್ತಿರದಿಂದ ಕಂಡಿದ್ದೇನೆ. ಒಬ್ಬರು ಐದಾರು ತಿಂಗಳು ಹೂವಿನ ಚಿತ್ರಗಳನ್ನು ಕಳಿಸಿದರು, ಆ ಕಡೆಯಿಂದ ಕೈಮುಗಿದ ಚಿಹ್ನೆ ಬರುತ್ತಲೇ ಇತ್ತು, ಕೊನೆಗೊಂದು ದಿನ ಅವರ ಮದುವೆಯ ಆಮಂತ್ರಣವೂ ಅದೇ ಸಂಖ್ಯೆಯಿಂದ ಬಂತು. ಇನ್ನೊಬ್ಬರು ತರಬೇತಿಯಲ್ಲಿ ಪರಿಚಯವಾದಾಕೆಗೆ ಕೇಳದೆಯೇ ಮೈಸೂರು ಪಾಕಿನ ಡಬ್ಬಿಯನ್ನು ಕೊರಿಯರ್ ಮಾಡಿ, ಆ ಮೇಲೆ ಬಸ್ಸು ಹಿಡಿದು ಆಕೆಯ ಊರಿಗೇ ಹೋಗಿ, ವಸತಿಗೃಹದ ಬಾಡಿಗೆಯೂ ಸೇರಿ ನಾಲ್ಕು ಸಾವಿರದಷ್ಟು ಖರ್ಚು ಮಾಡಿಕೊಂಡರು. ಆಕೆಗೆ ಆದದ್ದು ಮುಜುಗರ ಮಾತ್ರ, ಏಕೆಂದರೆ ಖರ್ಚು ಮಾಡಿಕೊಂಡು ಬಂದವರಿಗೆ ಬೇಡ ಎಂದು ಹೇಳುವುದು ಯಾರಿಗಾದರೂ ಕಷ್ಟ. ನಾನೂ ಅದಕ್ಕೂ ಹಿಂದಿನ ಒಂದು ತರಬೇತಿಯ ನಂತರ ‘ನಿಮ್ಮನ್ನು ಭೇಟಿಯಾಗಿ ಸಂತೋಷವಾಯಿತು’ ಎಂದಷ್ಟೇ ಬರೆದು ನೋಡಿದ್ದೆ. ‘ನನಗೂ ಸರ್’ ಎಂಬ ಉತ್ತರ ಬಂತು, ಮಾತು ಅಲ್ಲಿಗೇ ನಿಂತಿತು. ಏನನ್ನೂ ಕೇಳದ ಸಂದೇಶಕ್ಕೆ ಅದಕ್ಕಿಂತ ಹೆಚ್ಚಿನ ಉತ್ತರ ಸಾಧ್ಯವಿಲ್ಲ ಎಂಬುದು ಆಗಲೇ ನನಗೆ ಖಚಿತವಾಯಿತು.

ಕಳೆದ ವರ್ಷದ ತರಬೇತಿ ನೀರು ಸರಬರಾಜಿನ ನಿರ್ವಹಣೆಯ ಕುರಿತು ಇತ್ತು. ಅಲ್ಲಿ ನನಗೆ ಮನಸ್ಸಾದವರು ಚಾಮರಾಜನಗರದ ಕಡೆಯವರು, ನಾನು ಹಾವೇರಿಯವನು. ಮೂರನೆಯ ದಿನದ ಗುಂಪು ಚರ್ಚೆಯಲ್ಲಿ ಅವರು ತಮ್ಮ ಒಂದು ಹಳ್ಳಿಯ ನೀರುಗಂಟಿಯ ಕಥೆ ಹೇಳಿದರು. ಮೇಲಿನ ಕೇರಿಗೆ ನೀರು ಬಿಡುವ ವಾಲ್ವಿನ ಕೀಲಿಗಾಗಿ ದಿನಾ ಜಗಳವಾಗುತ್ತಿದ್ದಾಗ, ಕೀಲಿಯನ್ನು ಆ ಕೇರಿಯ ಮಹಿಳೆಯರಿಗೇ ವಾರದ ಸರದಿಯಂತೆ ಕೊಡಿಸಿ ಜಗಳ ನಿಲ್ಲಿಸಿದ್ದರಂತೆ. ಅದಾದ ಮೇಲೆ ಎರಡು ಸಂಜೆ ಲಲಿತಮಹಲ್ ರಸ್ತೆಯ ಉದ್ದಕ್ಕೂ ನಡೆಯುತ್ತ ಮಾತನಾಡಿದೆವು. ಹೊರಡುವ ದಿನ, ನಮ್ಮ ಪಂಚಾಯತಿಯ ನೀರಿನ ಕರದ ವಹಿಯ ನಮೂನೆ ಬೇಕೆಂದು ಅವರೇ ತಮ್ಮ ಸಂಖ್ಯೆ ಕೊಟ್ಟರು.

ಇಲ್ಲಿ ನಾನು ಮಾಡಿದ ಮೊದಲ ನಿರ್ಧಾರ ಮುಖ್ಯವಾದದ್ದು. ನಮೂನೆಯನ್ನು ಹೇಳಿದ ಮಾತಿನಂತೆ ಮರುದಿನವೇ ಕಳಿಸಿದೆ, ಅದರ ಜೊತೆ ಬೇರೇನನ್ನೂ ಬರೆಯಲಿಲ್ಲ. ಉಪಕಾರವನ್ನೂ ಆಸೆಯನ್ನೂ ಒಂದೇ ಸಂದೇಶದಲ್ಲಿ ಕಟ್ಟಿಕೊಟ್ಟರೆ, ಬೇಡ ಎನ್ನುವವರಿಗೆ ಉಪಕಾರದ ಋಣ ಅಡ್ಡ ಬರುತ್ತದೆ. ಮನಸ್ಸಿನ ಮಾತನ್ನು ಬರೆದದ್ದು ಸುಮಾರು ಹತ್ತು ದಿನಗಳ ನಂತರ. ತರಬೇತಿಯ ವಾಟ್ಸಾಪ್ ಗುಂಪಿನಿಂದ ಸಂಖ್ಯೆ ತೆಗೆದುಕೊಂಡು ಬರೆಯುವುದನ್ನು ನಾನು ಒಪ್ಪುವುದಿಲ್ಲ. ಆ ಸಂಖ್ಯೆಯನ್ನು ಅವರು ಸಂಸ್ಥೆಗೆ ಕೊಟ್ಟಿರುತ್ತಾರೆ, ನಮಗಲ್ಲ. ತರಬೇತಿ ಕೇಂದ್ರದಂತೆ ಕೆಲಸದ ನಿಮಿತ್ತ ಹೋಗುವ ಸ್ಥಳವೂ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಲ್ಲಿ ಕೆಲಸದ ಸ್ಥಳವೇ ಆಗುತ್ತದೆ ಎಂಬುದನ್ನು ನಮ್ಮವರು ಅಷ್ಟಾಗಿ ಗಮನಿಸುವುದಿಲ್ಲ.

ಮೊದಲ ಕರಡು ಒಂದು ಪುಟದಷ್ಟು ಉದ್ದವಾಗಿತ್ತು. ಅದರಲ್ಲಿ ಸಂಜೆಯ ಗಾಳಿ ಇತ್ತು, ಚಾಮುಂಡಿ ಬೆಟ್ಟದ ದೀಪಗಳಿದ್ದವು, ಒಂದು ಭಾವಗೀತೆಯ ಸಾಲೂ ಇತ್ತು. ನಮ್ಮ ಅಕ್ಕನಿಗೆ ಓದಲು ಕೊಟ್ಟೆ. ಅವಳು ಪೂರ್ತಿ ಓದಿ, “ಚೆನ್ನಾಗಿ ಬರೆದಿದ್ದೀಯ, ಆದರೆ ನೀನು ಕೇಳುತ್ತಿರುವುದು ಏನು ಅಂತ ನನಗೆ ಗೊತ್ತಾಗಲಿಲ್ಲ ಕಣೋ” ಎಂದಳು. ಎರಡನೆಯ ಕರಡಿನಲ್ಲಿ ‘ನಿಮ್ಮ ಉತ್ತರಕ್ಕಾಗಿ ಕಾತರದಿಂದ ಕಾಯುತ್ತಿರುತ್ತೇನೆ’ ಎಂಬ ಸಾಲಿತ್ತು. ಅದನ್ನು ಕಂಡು, “ಇದನ್ನು ತೆಗಿ, ನಾನಾಗಿದ್ದರೆ ಫೋನು ನೋಡುವುದಕ್ಕೇ ಬೇಸರವಾಗುತ್ತಿತ್ತು” ಎಂದಳು. ಬರೆದವನಿಗೆ ಪ್ರೀತಿ ಎಂದು ಕಂಡದ್ದು ಓದುವವರಿಗೆ ಹೊರೆಯಾಗಿ ಎಲ್ಲಿ ತಗಲುತ್ತದೆ ಎಂಬುದನ್ನು ಗುರುತಿಸಲು ಮನೆಯ ಹೆಣ್ಣುಮಗಳೊಬ್ಬಳ ಓದಿಗಿಂತ ಒಳ್ಳೆಯ ಪರೀಕ್ಷೆ ನನಗೆ ಸಿಕ್ಕಿಲ್ಲ. ನಾಲ್ಕೈದು ಸಲ ತಿದ್ದಿದ ಮೇಲೆ ಉಳಿದದ್ದು ಇದು:

“ನಮಸ್ಕಾರ ಮೇಡಂ. ಮೈಸೂರಿನ ತರಬೇತಿಯಲ್ಲಿ ನೀವು ಹೇಳಿದ ವಾಲ್ವ್ ಕೀಲಿಯ ಸರದಿಯನ್ನು ನಮ್ಮ ಒಂದು ಹಳ್ಳಿಯಲ್ಲೂ ಶುರು ಮಾಡಿಸಿದ್ದೇನೆ, ಮೊದಲ ವಾರ ಜಗಳವಿಲ್ಲದೆ ಕಳೆಯಿತು.

ಇನ್ನು ಮುಂದಿನದು ಕಚೇರಿಯ ವಿಷಯವಲ್ಲ. ಆ ಎರಡು ಸಂಜೆ ನಿಮ್ಮ ಜೊತೆ ಮಾತನಾಡಿದ್ದು ನನಗೆ ತುಂಬಾ ಹಿಡಿಸಿತು, ನೀವೂ ಹಿಡಿಸಿದಿರಿ. ಸಹೋದ್ಯೋಗಿಯ ಪರಿಚಯಕ್ಕಿಂತ ಹೆಚ್ಚಾಗಿ ನಿಮ್ಮನ್ನು ಅರಿಯಬೇಕೆಂಬ ಆಸೆ ಇದೆ. ಮುಂದಿನ ತಿಂಗಳ ನಾಲ್ಕನೇ ಶನಿವಾರ ನೆಂಟರ ಮನೆಯ ಗೃಹಪ್ರವೇಶಕ್ಕೆ ಮೈಸೂರಿಗೆ ಬರುತ್ತಿದ್ದೇನೆ. ನಿಮಗೆ ಇಷ್ಟವಿದ್ದರೆ ಅಂದು ಮಧ್ಯಾಹ್ನ ಎಲ್ಲಾದರೂ ಕೂತು ಕಾಫಿ ಕುಡಿಯೋಣವೇ?

ಮನಸ್ಸಿಲ್ಲದಿದ್ದರೆ ‘ಬೇಡ’ ಎಂದರೆ ಸಾಕು, ಕಾರಣ ಹೇಳಬೇಕಾಗಿಲ್ಲ. ಉತ್ತರ ಬಾರದಿದ್ದರೂ ಅದನ್ನೇ ಉತ್ತರವೆಂದು ತಿಳಿದುಕೊಳ್ಳುತ್ತೇನೆ, ಮತ್ತೆ ಕೇಳುವುದಿಲ್ಲ. ಕರದ ವಹಿಯ ಬಗ್ಗೆ ಏನೇ ಸಂದೇಹ ಬಂದರೂ ಎಂದಿನಂತೆ ಕೇಳಿ.”

ಇದರಲ್ಲಿ ಅವರ ಊರಿನ ಉತ್ಸವಕ್ಕೆ ಸಂಬಂಧಿಸಿದ ಒಂದು ಸಾಲನ್ನು ಇಲ್ಲಿ ಬಿಟ್ಟಿದ್ದೇನೆ. ಉತ್ತರ ಬರುವುದರಲ್ಲಿ ಅದರ ಪಾಲು ದೊಡ್ಡದು ಎಂದು ನಂಬಿದ್ದೇನೆ, ಆದರೆ ಅದು ನಮ್ಮಿಬ್ಬರ ನಡುವೆಯೇ ಇರಲಿ.

ಮೊದಲ ವಾಕ್ಯವನ್ನು ಯಾರು ಬೇಕಾದರೂ ನೋಡಬಹುದಾದಂತೆ ಬರೆದದ್ದು ಉದ್ದೇಶಪೂರ್ವಕ. ಹಲವು ಫೋನುಗಳಲ್ಲಿ ಬೀಗ ಹಾಕಿದ್ದರೂ ಪರದೆಯ ಮೇಲೆ ಸಂದೇಶದ ಆರಂಭ ಕಾಣಿಸಿಕೊಳ್ಳುತ್ತದೆ. ಫೋನು ಕಚೇರಿಯ ಮೇಜಿನ ಮೇಲಿರಬಹುದು, ಮನೆಯಲ್ಲಿ ತಮ್ಮನ ಕೈಯಲ್ಲಿರಬಹುದು. ‘ನೀವು ನನಗೆ ಹಿಡಿಸಿದಿರಿ’ ಎಂಬ ಮಾತು ಅಲ್ಲಿ ಮಿನುಗಿದರೆ ಅವರು ಓದುವ ಮೊದಲೇ ಇನ್ನೊಬ್ಬರಿಗೆ ವಿವರಣೆ ಕೊಡಬೇಕಾಗುತ್ತದೆ. ನನ್ನದೇ ಎರಡನೆಯ ಸಂಖ್ಯೆಗೆ ಕಳಿಸಿ, ಎಷ್ಟು ಅಕ್ಷರ ಹೊರಗೆ ಕಾಣುತ್ತದೆ ಎಂದು ಎರಡು ಬೇರೆ ಬೇರೆ ಫೋನುಗಳಲ್ಲಿ ನೋಡಿದೆ. ಒಂದರಲ್ಲಿ ಒಂದೂವರೆ ಸಾಲಿನಷ್ಟು, ಇನ್ನೊಂದರಲ್ಲಿ ಇನ್ನೂ ಹೆಚ್ಚು ಕಂಡಿತು. ಅದಕ್ಕಾಗಿಯೇ ಕೀಲಿಯ ಸುದ್ದಿಯನ್ನು ಅಷ್ಟು ಉದ್ದವಾಗಿ ಎಳೆದಿದ್ದೇನೆ. ಆ ಸುದ್ದಿ ನಿಜವೂ ಆಗಿತ್ತು. ಸರದಿಯನ್ನು ನಿಜವಾಗಿಯೂ ಶುರು ಮಾಡಿಸಿದ ಮೇಲೆಯೇ ಬರೆದೆ, ಏಕೆಂದರೆ ಅವರ ಮಾತನ್ನು ಕೇಳಿದ್ದೆ ಎಂಬುದಕ್ಕೆ ಹೊಗಳಿಕೆಗಿಂತ ಅದು ಗಟ್ಟಿಯಾದ ಸಾಕ್ಷಿ.

ಧ್ವನಿ ಸಂದೇಶವನ್ನೂ ಪ್ರಯತ್ನಿಸಿದ್ದೆ. ಅದೇ ಮಾತುಗಳನ್ನು ಹೇಳಿ ಮುದ್ರಿಸಿಕೊಂಡು ಕೇಳಿದಾಗ ದನಿಯಲ್ಲಿ ಬೇಡಿಕೆಯ ಒತ್ತಾಯ ಕೇಳಿಸಿತು. ಅದಲ್ಲದೆ ಧ್ವನಿಯನ್ನು ನಾಲ್ಕು ಜನರ ನಡುವೆ ಕೇಳುವಂತಿಲ್ಲ, ಬರಹವನ್ನಾದರೆ ಬೇಕೆಂದಾಗ ಮತ್ತೆ ಓದಬಹುದು. ಅಂಚೆಯ ಕಾಗದವೂ ಮನಸ್ಸಿಗೆ ಬಂದಿತ್ತು, ಆದರೆ ಪಂಚಾಯತಿಯ ವಿಳಾಸಕ್ಕೆ ಹೋದ ಕಾಗದವನ್ನು ಆವಕ ವಹಿಗೆ ಹತ್ತಿಸುವವರು ಮೊದಲು ತೆರೆಯುತ್ತಾರೆ ಎಂದು ನಮಗೆಲ್ಲ ಗೊತ್ತಿರುವುದರಿಂದ ಕೈಬಿಟ್ಟೆ.

ಗೃಹಪ್ರವೇಶದ ಮಾತನ್ನು ಸೇರಿಸಿದ್ದಕ್ಕೆ ಗೆಳೆಯರು ಹೆಚ್ಚು ಆಕ್ಷೇಪಿಸಿದರು. ‘ನಿಮಗಾಗಿಯೇ ಬರುತ್ತೇನೆ’ ಎಂದರೆ ಮನಸ್ಸು ಕರಗುತ್ತದೆ ಎಂದರು. ಹಾವೇರಿಯಿಂದ ಒಬ್ಬರು ರಾತ್ರಿಯಿಡೀ ಪ್ರಯಾಣ ಮಾಡಿ ಬರುವುದು ತನ್ನೊಬ್ಬಳಿಗಾಗಿ ಎಂದು ತಿಳಿದರೆ ಬೇಡ ಎನ್ನುವ ಸ್ವಾತಂತ್ರ್ಯ ಅವರಿಗೆ ಎಲ್ಲಿ ಉಳಿಯುತ್ತದೆ? ಅವರು ಒಲ್ಲೆ ಎಂದಿದ್ದರೂ ನಾನು ಮೈಸೂರಿಗೆ ಹೋಗಿ ಊಟ ಮಾಡಿ ಬರುವವನೇ ಇದ್ದೆ. ಸ್ಲೀಪರ್ ಟಿಕೆಟ್ಟಿಗೆ ಒಂದು ಕಡೆಗೆ ಮುನ್ನೂರು ರೂಪಾಯಿಯ ಆಸುಪಾಸು, ಆ ದಿನದ ಕಾಫಿ ತಿಂಡಿಗೆ ಇಬ್ಬರದೂ ಸೇರಿ ಇನ್ನೂರರ ಒಳಗೆ. ಮೇಲೆ ಹೇಳಿದ ಗೆಳೆಯರ ನಾಲ್ಕು ಸಾವಿರದ ಜೊತೆ ಹೋಲಿಸಿ ನೋಡಿ.

ಕಳಿಸಿದ್ದು ಎರಡನೇ ಶನಿವಾರದ ಮಧ್ಯಾಹ್ನ. ಸೋಮವಾರ ಬೆಳಿಗ್ಗೆ ಪ್ರಗತಿ ವರದಿಯ ಗಡಿಬಿಡಿ ಇರುತ್ತದೆ, ರಾತ್ರಿ ಹತ್ತರ ನಂತರ ಬಂದ ಸಂದೇಶಕ್ಕೆ ಬೇರೆಯೇ ಬಣ್ಣ ಹತ್ತಿಕೊಳ್ಳುತ್ತದೆ, ಮಾರ್ಚ್ ತಿಂಗಳಲ್ಲಂತೂ ಕರ ವಸೂಲಿಯ ನಡುವೆ ಯಾರ ತಲೆಗೂ ಏನೂ ಹೋಗುವುದಿಲ್ಲ. ಸ್ವಲ್ಪ ಹೊತ್ತಿಗೆ ನೀಲಿ ಗೆರೆಗಳು ಬಂದವು, ಉತ್ತರ ಬರಲಿಲ್ಲ. ಆ ಸಂಜೆ ಗೆಳೆಯರಲ್ಲೊಬ್ಬರು ಒಂದು ನಗುಮುಖವನ್ನಾದರೂ ಕಳಿಸಿ ನೆನಪಿಸು ಎಂದರು, ಇನ್ನೊಬ್ಬರು ಅಳಿಸಿಬಿಡು ಎಂದರು. ಅಳಿಸಿದರೂ ಅಳಿಸಿದ ಗುರುತು ಅಲ್ಲೇ ಉಳಿಯುತ್ತದೆ. ಮತ್ತೆ ಕೇಳುವುದಿಲ್ಲ ಎಂದು ಬರೆದುಕೊಟ್ಟ ಮೇಲೆ ನಗುಮುಖವೂ ಮತ್ತೆ ಕೇಳಿದಂತೆಯೇ. ನಾನು ಎರಡನ್ನೂ ಮಾಡಲಿಲ್ಲ.

ಉತ್ತರ ಮರುದಿನ ಸಂಜೆ ಬಂತು. “ಇಷ್ಟು ಸ್ಪಷ್ಟವಾಗಿ ಕೇಳಿದ್ದರಿಂದ ಯೋಚನೆ ಮಾಡುವುದಕ್ಕೆ ಸುಲಭವಾಯಿತು. ಕಾಫಿಗೆ ಬರುತ್ತೇನೆ, ಐದೂವರೆಯ ಬಸ್ಸಿಗೆ ಹೊರಡಬೇಕು. ಮೇಡಂ ಅನ್ನುವುದನ್ನು ಬಿಡಿ” ಎಂದು ಬರೆದಿದ್ದರು. ನಾನು ಜಾಗವನ್ನೂ ವೇಳೆಯನ್ನೂ ತಿಳಿಸಿ, ಅಂದಿನಿಂದ ಹೆಸರಿಗೆ ‘ಅವರೇ’ ಸೇರಿಸಿ ಬರೆಯತೊಡಗಿದೆ. ‘ನೀವು’ ಮಾತ್ರ ಬಹಳ ದಿನ ಹಾಗೆಯೇ ಇತ್ತು. ಈಗ ಎರಡೂ ಮನೆಯವರಿಗೆ ವಿಷಯ ಗೊತ್ತಿದೆ.

ಇದೇ ಸಂದೇಶದ ಹೊಂದಿಕೆಯನ್ನು ರಾಯಚೂರಿನ ಕಡೆಯ ಒಬ್ಬ ಸಹೋದ್ಯೋಗಿ ತಮ್ಮ ಮಾತುಗಳಲ್ಲಿ ಬಳಸಿದರು. ಅವರಿಗೆ ಬಂದ ಉತ್ತರ ‘ಬೇಡ ಸರ್, ಆದರೆ ನೇರವಾಗಿ ಹೇಳಿದ್ದಕ್ಕೆ ಧನ್ಯವಾದ’ ಎಂದು. ಗೆಳೆಯರು ಇದನ್ನು ಸೋಲಿನ ಲೆಕ್ಕಕ್ಕೆ ಹಾಕಿದರು, ನಾನು ಹಾಕುವುದಿಲ್ಲ. ಒಂದೇ ದಿನದಲ್ಲಿ ಅವರಿಗೆ ವಿಷಯ ತಿಳಿಯಿತು, ಹೂವಿನ ಚಿತ್ರಗಳ ಐದಾರು ತಿಂಗಳು ಉಳಿಯಿತು, ಉದ್ಯೋಗ ಖಾತರಿಯ ಬಿಲ್ಲುಗಳ ಬಗ್ಗೆ ಅವರಿಬ್ಬರೂ ಇಂದಿಗೂ ಮುಜುಗರವಿಲ್ಲದೆ ಫೋನಿನಲ್ಲಿ ಮಾತನಾಡುತ್ತಾರೆ.

ಒಂದು ಕಡೆ ಮಾತ್ರ ಇದು ನಡೆಯುವುದಿಲ್ಲ. ಬರೆಯುವವರು ಎದುರಿನವರ ಕಡತಕ್ಕೆ ಸಹಿ ಹಾಕುವವರಾಗಿದ್ದರೆ, ಅಥವಾ ಆ ತರಬೇತಿಗೆ ಪಾಠ ಮಾಡಲು ಬಂದವರಾಗಿದ್ದರೆ, ‘ಬೇಡ ಎಂದರೆ ಸಾಕು’ ಎಂಬ ಸಾಲನ್ನು ಓದುವವರು ನಂಬುವುದು ಕಷ್ಟ. ನಮ್ಮ ನೆರೆಯ ತಾಲ್ಲೂಕಿನ ಅಧಿಕಾರಿಯೊಬ್ಬರು ತಮ್ಮ ಅಧೀನದವರಿಗೆ ಕಳಿಸಲು ಈ ಸಂದೇಶವನ್ನು ಕೇಳಿದಾಗ ನಾನು ಕೊಡಲಿಲ್ಲ.