ದುಂಡು ಬಾಟಲಿಗೆ ಸುತ್ತುವ ಲೇಬಲ್: ನನ್ನ ಅನುಭವ

ದುಂಡು ಬಾಟಲಿಯ ಲೇಬಲ್ ರಚಿಸುವಾಗ ನಾನು ಮೊದಲು ಕಾಗದದ ಪಟ್ಟಿಯೊಂದನ್ನು ಬಾಟಲಿಗೆ ಬಿಗಿಯಾಗಿ ಸುತ್ತಿ, ತುದಿಗಳು ಸೇರುವಲ್ಲಿ ಗುರುತು ಹಾಕಿ, ಅದನ್ನು ಬಿಚ್ಚಿ ಅಳೆಯುತ್ತೇನೆ. ಲೇಬಲ್ ಕೂರುವ ಜಾಗದ ಮೇಲ್ತುದಿಯಲ್ಲೂ ಕೆಳತುದಿಯಲ್ಲೂ ಹೀಗೆ ಅಳೆಯುವುದು ಅಗತ್ಯ. ಏಕೆಂದರೆ 80 ಮಿ.ಮೀ. ಎತ್ತರದಲ್ಲಿ ಸುತ್ತಳತೆ ಕೇವಲ 1 ಮಿ.ಮೀ. ಕಿರಿದಾದರೂ, ನೇರವಾಗಿ ಅಂಟಿಸಲು ಆರಂಭಿಸಿದ ಲೇಬಲ್ ಒಂದು ಸುತ್ತು ಬರುವಷ್ಟರಲ್ಲಿ ಒಂದು ಮಿ.ಮೀ.ಗಿಂತ ಹೆಚ್ಚು ಓರೆಯಾಗಿ, ಜೋಡಿಕೆಯಲ್ಲಿ ಮೆಟ್ಟಿಲಿನಂತಹ ಏರುಪೇರು ಕಾಣುತ್ತದೆ.

ಇತ್ತೀಚಿನ ಒಂದು ಕೆಲಸದಲ್ಲಿ ಬಾಟಲಿಯ ವ್ಯಾಸ 64 ಮಿ.ಮೀ., ಸುತ್ತಳತೆ 201 ಮಿ.ಮೀ. ಇತ್ತು. ತುದಿಗಳು ಒಂದರ ಮೇಲೊಂದು ಕೂರಲು 6 ಮಿ.ಮೀ. ಸೇರಿಸಿ ಲೇಬಲ್‌ನ ಉದ್ದವನ್ನು 207 ಎಂದು ನಿಗದಿಪಡಿಸಿದೆ. ಬಾಟಲಿಯಿಂದ ಬಾಟಲಿಗೆ ಅಳತೆ ತುಸು ವ್ಯತ್ಯಾಸವಾಗುವುದರಿಂದ ಇದಕ್ಕಿಂತ ಕಡಿಮೆ ಬಿಡಲು ನನಗೆ ಧೈರ್ಯವಿಲ್ಲ. ನೇರವಾದ ಮೈ 86 ಮಿ.ಮೀ. ಇದ್ದುದರಿಂದ ಎತ್ತರವನ್ನು 80ಕ್ಕೆ ನಿಲ್ಲಿಸಿದೆ. ಭುಜದ ಅಥವಾ ಬುಡದ ಬಾಗಿನ ಮೇಲೆ ಕಾಗದ ಹತ್ತಿದರೆ ಅಲ್ಲಿ ಸುಕ್ಕು ಖಚಿತ. ಕತ್ತರಿಸುವಾಗ ಬಿಳಿ ಅಂಚು ಉಳಿಯದಿರಲೆಂದು ಹಿನ್ನೆಲೆಯ ಬಣ್ಣವನ್ನು ನಾಲ್ಕೂ ಬದಿಗೆ 3 ಮಿ.ಮೀ. ಹೊರಚಾಚಿದೆ.

ಬಲತುದಿ ಅಡಿಗೆ ಹೋಗಿ ಎಡತುದಿ ಅದರ ಮೇಲೆ ಕೂರುವುದರಿಂದ, ಕಣ್ಣಿಗೆ ಬೀಳುವುದು ಎಡದಿಂದ 201 ಮಿ.ಮೀ. ಮಾತ್ರ. ಆದ್ದರಿಂದ ಮುಂಭಾಗದ ನಡುರೇಖೆ, ಹಾಳೆಯ ಮಧ್ಯವಾದ 103.5ರಲ್ಲಿ ಅಲ್ಲ, 100.5ರಲ್ಲಿ ಬರಬೇಕು; ಆಗ ಜೋಡಿಕೆ ಸರಿಯಾಗಿ ಬೆನ್ನಿಗೆ ಬೀಳುತ್ತದೆ. ಅಕ್ಷರಗಳನ್ನು ಕಾಣುವ ಅಂಚುಗಳಿಂದ 4 ಮಿ.ಮೀ. ಒಳಗಿಟ್ಟೆ. ಅಂದರೆ ಹಾಳೆಯಲ್ಲಿ ಎಡಕ್ಕೆ 4, ಬಲಕ್ಕೆ 10 ಮಿ.ಮೀ. ಖಾಲಿ, ಪರದೆಯ ಮೇಲೆ ಇದು ಅಸಮವೆನಿಸಿದರೂ ಬಾಟಲಿಯ ಮೇಲೆ ಸಮನಾಗಿಯೇ ಕಾಣುತ್ತದೆ. ಜೋಡಿಕೆಯ ಆಸುಪಾಸಿನಲ್ಲಿ ಚಿತ್ರವನ್ನು ಮುಂದುವರಿಸದೆ ಒಂದೇ ಬಣ್ಣವನ್ನು ಬಿಡುವುದು ನನ್ನ ರೂಢಿ, ಏಕೆಂದರೆ ಅರ್ಧ ಮಿ.ಮೀ. ಸರಿದರೂ ಚಿತ್ರ ಒಡೆದಂತೆ ತೋರುತ್ತದೆ.

ಉತ್ಪನ್ನದ ಹೆಸರನ್ನು ಸುತ್ತಳತೆಯ ಮೂರನೆಯ ಒಂದು ಭಾಗದೊಳಗೆ, ಇಲ್ಲಿ 67 ಮಿ.ಮೀ.ಗೆ ಮೀರದಂತೆ ಇಡುತ್ತೇನೆ. ಅಷ್ಟು ಅಗಲವೂ ಎದುರಿನಿಂದ ನೋಡಿದಾಗ ಸುಮಾರು 55 ಮಿ.ಮೀ. ಆಗಿ ಕುಗ್ಗುತ್ತದೆ, ಅದರಾಚೆಗಿನ ಅಕ್ಷರಗಳು ಓರೆಯಾಗಿ, ಒತ್ತೊತ್ತಾಗಿ ಕಾಣುತ್ತವೆ. ಬಾರ್‌ಕೋಡನ್ನು ಮಾತ್ರ, ಅದರ ಗೆರೆಗಳು ಏಣಿಯ ಮೆಟ್ಟಿಲುಗಳಂತೆ ಅಡ್ಡವಾಗಿ ಬರುವ ಹಾಗೆ ತಿರುಗಿಸುತ್ತೇನೆ, ಇಲ್ಲವಾದರೆ ಬಾಗಿನಿಂದಾಗಿ ಕೊನೆಯ ಗೆರೆಗಳು ಸ್ಕ್ಯಾನರ್‌ಗೆ ಸಿಗದೆ ಹೋಗಬಹುದು.

ಅಚ್ಚಿಗೆ ಕಳಿಸುವ ಮುನ್ನ, 201ನೆಯ ಮಿ.ಮೀ.ನಲ್ಲಿ ತೆಳುಗೆರೆಯೊಂದನ್ನು ಎಳೆದ ಪರೀಕ್ಷಾ ಪ್ರತಿಯನ್ನು 100% ಅಳತೆಯಲ್ಲೇ ಮುದ್ರಿಸಿ, ಕತ್ತರಿಸಿ ಸುತ್ತಿ ನೋಡುತ್ತೇನೆ. ಎಡ ಅಂಚು ಗೆರೆಯ ಮೇಲೆಯೇ ಕೂತರೆ ಲೆಕ್ಕ ಸರಿ. ಗೆರೆ ಹೊರಗೆ ಕಂಡರೆ ಬಾಟಲಿ ಲೆಕ್ಕಕ್ಕಿಂತ ದಪ್ಪ, ಅಡಿಯಲ್ಲಿ ಮುಚ್ಚಿಹೋದರೆ ಸಣ್ಣ.